ಸೊನ್ನೆ, ಒಂದು, ಎರಡು: ಬಲಗಡೆಯಿಂದ ಬಂದದ್ದನ್ನು ನಂಬಬೇಡಿ

ಒಂದು ಅರೇ ಇದೆ. ಅದರೊಳಗೆ 0, 1, 2 ಬಿಟ್ಟು ಬೇರೇನೂ ಇಲ್ಲ, ಆದರೆ ಎಲ್ಲ ಕಲಸಿಹೋಗಿದೆ. ಸೊನ್ನೆಗಳೆಲ್ಲ ಮೊದಲು, ಆಮೇಲೆ ಒಂದುಗಳು, ಕೊನೆಗೆ ಎರಡುಗಳು ಬರುವ ಹಾಗೆ ಜೋಡಿಸಬೇಕು. ಇನ್ನೊಂದು ಅರೇ ತೆಗೆದುಕೊಳ್ಳುವಂತಿಲ್ಲ, ಒಂದೇ ಸಲ ಓದಿ ಮುಗಿಸಬೇಕು.

ಇದನ್ನು ಕೇಳಿದ ಕೂಡಲೇ ಯಾರಿಗಾದರೂ ಹೊಳೆಯುವ ದಾರಿ ಎಣಿಸುವುದು. ಸೊನ್ನೆ ಎಷ್ಟಿವೆ, ಒಂದು ಎಷ್ಟಿವೆ, ಎರಡು ಎಷ್ಟಿವೆ ಅಂತ ಲೆಕ್ಕ ಹಾಕಿ, ಮತ್ತೆ ಮೊದಲಿನಿಂದ ಅಷ್ಟಷ್ಟು ಬರೆದುಬಿಟ್ಟರೆ ಆಯ್ತು. ಇದರಲ್ಲಿ ತಪ್ಪೇನಿಲ್ಲ. ಬರೀ ಅಂಕಿಗಳೇ ಆಗಿದ್ದರೆ ನಾನೂ ಹೀಗೇ ಮಾಡುತ್ತೇನೆ, ಕೋಡ್ ಕೂಡ ಸುಲಭ. ಆದರೆ ಅರೇಯಲ್ಲಿ ಇರುವುದು ಬರೀ ಅಂಕಿಯಲ್ಲ, ಒಂದೊಂದೂ ಒಂದು ದೊಡ್ಡ ರೆಕಾರ್ಡ್, 0, 1, 2 ಅನ್ನುವುದು ಅದರ ಮೇಲಿನ ಗುರುತು ಮಾತ್ರ ಅಂದುಕೊಳ್ಳಿ. ಆಗ ‘ಮೂರು ಸೊನ್ನೆ ಬರೆದುಬಿಡು’ ಅಂತ ಹೇಳೋಕಾಗಲ್ಲ. ಬರೆದರೆ ಒಳಗಿದ್ದ ಮಾಹಿತಿಯೇ ಹೋಯಿತು. ಇದ್ದ ರೆಕಾರ್ಡುಗಳನ್ನೇ ಅತ್ತಿಂದಿತ್ತ ಸರಿಸಬೇಕು. ಮೂರು ಪಾಯಿಂಟರಿನ ದಾರಿ ಬೇಕಾಗುವುದು ಅಲ್ಲಿ.

ಈ ಲೆಕ್ಕವನ್ನು ಪ್ರಸಿದ್ಧಿಗೆ ತಂದವರು ಎಡ್ಸ್‌ಗರ್ ಡೈಕ್‌ಸ್ಟ್ರಾ. 1976ರ ತಮ್ಮ ಪುಸ್ತಕದಲ್ಲಿ ಅವರು ಇದನ್ನು ಡಚ್ ಧ್ವಜದ ಸಮಸ್ಯೆ ಅಂತ ಕರೆದರು, ನೆದರ್‌ಲ್ಯಾಂಡ್ಸ್ ಬಾವುಟದ ಕೆಂಪು, ಬಿಳಿ, ನೀಲಿ ಪಟ್ಟಿಗಳ ಲೆಕ್ಕದಲ್ಲಿ. ಸಾಲಾಗಿ ಇಟ್ಟ ಬಕೆಟ್ಟುಗಳು, ಒಂದೊಂದರಲ್ಲೂ ಈ ಮೂರರಲ್ಲಿ ಒಂದು ಬಣ್ಣದ ಕಲ್ಲು. ಅವರು ಹಾಕಿದ ಷರತ್ತೇ ಇಲ್ಲಿ ಮುಖ್ಯ: ಯಾವ ಕಲ್ಲಿನ ಬಣ್ಣವನ್ನೂ ಒಂದಕ್ಕಿಂತ ಜಾಸ್ತಿ ಸಲ ನೋಡುವಂತಿಲ್ಲ. ಅಂದರೆ ಎಣಿಸುವ ದಾರಿ ಅಲ್ಲೇ ಮುಚ್ಚಿತು. ಯಾವುದನ್ನು ನೋಡಿ ಆಗಿದೆ, ಯಾವುದನ್ನು ಇನ್ನೂ ನೋಡಿಲ್ಲ ಅನ್ನುವ ನೆನಪೇ ಇಡೀ ಉಪಾಯದ ಬಂಡವಾಳ.

ಆ ನೆನಪನ್ನು ಹಿಡಿದಿಡುವುದಕ್ಕೇ ಮೂರು ಪಾಯಿಂಟರು: `low`, `mid`, `high`. ಅರೇಯನ್ನು ಅವು ನಾಲ್ಕು ತುಂಡು ಮಾಡುತ್ತವೆ. `low`ಗಿಂತ ಎಡಕ್ಕೆ ಇರುವುದೆಲ್ಲ ಸೊನ್ನೆ. `low`ನಿಂದ `mid`ಗೆ ಹಿಂದಿನ ಸ್ಥಾನದವರೆಗೆ ಎಲ್ಲ ಒಂದು. `mid`ನಿಂದ `high`ವರೆಗೆ, ಎರಡೂ ತುದಿ ಸೇರಿ, ಇನ್ನೂ ನೋಡದೇ ಇರುವವು. `high`ಗಿಂತ ಬಲಕ್ಕೆ ಎಲ್ಲ ಎರಡು. ಶುರುವಿನಲ್ಲಿ ಮೂರು ತುಂಡು ಖಾಲಿ, ಇಡೀ ಅರೇ ‘ನೋಡದ’ ತುಂಡಿನಲ್ಲೇ ಇದೆ. ಆ ತುಂಡು ಪೂರ್ತಿ ಕರಗಿದಾಗ ಕೆಲಸ ಮುಗಿಯಿತು.

```python
low, mid, high = 0, 0, len(a) - 1
while mid <= high:
    if a[mid] == 0:
        a[low], a[mid] = a[mid], a[low]
        low += 1
        mid += 1
    elif a[mid] == 1:
        mid += 1
    else:
        a[mid], a[high] = a[high], a[mid]
        high -= 1
```

ಈಗ ಕೊನೆಯ ತುಂಡನ್ನು ಸ್ವಲ್ಪ ಗಮನಿಸಿ ನೋಡಿ. ಸೊನ್ನೆ ಸಿಕ್ಕಾಗ ಅದಲುಬದಲು ಮಾಡಿ `mid` ಮುಂದಕ್ಕೆ ಹೋಯಿತು. ಎರಡು ಸಿಕ್ಕಾಗಲೂ ಅದಲುಬದಲು ಮಾಡಿದೆವು, ಆದರೆ `mid` ನಿಂತಲ್ಲೇ ನಿಂತಿದೆ. ಯಾಕೆ ಈ ತಾರತಮ್ಯ? ಕೋಡನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ, ಯಾಕೆಂದರೆ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಒಂದರಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅನ್ನಿಸುತ್ತದೆ.

ಸೊನ್ನೆ ಸಿಕ್ಕಾಗ `mid`ಗೆ ಬಂದು ಕೂರುವುದು `low`ನಲ್ಲಿ ಇದ್ದದ್ದು. ಅದು ಏನು ಅಂತ ನಮಗೆ ಮೊದಲೇ ಗೊತ್ತು. `low` ಮತ್ತು `mid` ಬೇರೆ ಬೇರೆ ಜಾಗದಲ್ಲಿದ್ದರೆ ಅಲ್ಲಿ ಇದ್ದದ್ದು 1, ಬೇರೆ ಇರೋಕೆ ಸಾಧ್ಯವೇ ಇಲ್ಲ. ಎರಡೂ ಒಂದೇ ಜಾಗದಲ್ಲಿದ್ದರೆ ಸೊನ್ನೆ ತನ್ನ ಜೊತೆಗೇ ಅದಲುಬದಲಾಯಿತು ಅಷ್ಟೇ. ಎರಡು ಸಂದರ್ಭದಲ್ಲೂ ಮತ್ತೆ ನೋಡುವಂಥದ್ದು ಏನಿಲ್ಲ, ಮುಂದೆ ಹೋಗಬಹುದು. ಹೋಗಲೇಬೇಕು ಕೂಡ, ಇಲ್ಲದಿದ್ದರೆ ಎರಡೂ ಒಂದೇ ಕಡೆ ಇದ್ದಾಗ `low` ಮಾತ್ರ ಮುಂದೆ ಹೋಗಿ `mid`ನ್ನೇ ದಾಟಿಬಿಡುತ್ತದೆ.

ಎರಡು ಸಿಕ್ಕಾಗ ಬಂದು ಕೂರುವುದು `high`ನಲ್ಲಿ ಇದ್ದದ್ದು. ಅದನ್ನು ನಾವು ಇನ್ನೂ ನೋಡೇ ಇಲ್ಲ. ಅದು ಸೊನ್ನೆ ಆಗಿರಬಹುದು, ಒಂದು ಆಗಿರಬಹುದು, ಇನ್ನೊಂದು ಎರಡೇ ಆಗಿರಬಹುದು. ನೋಡದೆ ದಾಟಿದರೆ ಆ ಅಪರಿಚಿತ ‘ಇಲ್ಲಿ ಎಲ್ಲ ಒಂದು’ ಅಂತ ನಾವು ಭರವಸೆ ಕೊಟ್ಟ ತುಂಡಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಎಡದಿಂದ ಬರುವುದು ಪರಿಚಯದ್ದು, ಬಲದಿಂದ ಬರುವುದು ಗುರುತಿಲ್ಲದ್ದು. ಇಷ್ಟು ತಲೆಯಲ್ಲಿದ್ದರೆ ಕೋಡನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ, ಪ್ರತಿ ಸಲ ಹೊಸದಾಗಿ ಬರೆದುಕೊಳ್ಳಬಹುದು.

ಒಮ್ಮೆ ಕೈಯಾರೆ ಓಡಿಸೋಣ. `2 0 1 2 0 1`, ಸ್ಥಾನಗಳು 0ಯಿಂದ 5. ಮೊದಲ ಹೆಜ್ಜೆಯಲ್ಲಿ `mid` ಕೆಳಗೆ 2 ಇದೆ, ಅದು 5ನೇ ಸ್ಥಾನಕ್ಕೆ ಹೋಗಿ ಅಲ್ಲಿದ್ದ 1 ಇಲ್ಲಿಗೆ ಬಂತು: `1 0 1 2 0 2`, `high` ಈಗ 4. `mid` ಅಲ್ಲೇ ಇದೆ, ಬಂದದ್ದು 1, ಸುಮ್ನೆ ಮುಂದೆ. 1ನೇ ಸ್ಥಾನದಲ್ಲಿ 0, ಅದನ್ನು `low` ಇರುವ 0ನೇ ಸ್ಥಾನದ ಜೊತೆ ಬದಲಿಸಿದರೆ `0 1 1 2 0 2`, `low` 1, `mid` 2. ಅಲ್ಲಿ 1 ಇದೆ, ಮುಂದೆ. 3ನೇ ಸ್ಥಾನದಲ್ಲಿ 2, ಅದು 4ಕ್ಕೆ ಹೋಗಿ `0 1 1 0 2 2` ಆಯಿತು, `high` ಈಗ 3. ಇಲ್ಲಿ ಒಂದು ಕ್ಷಣ ನಿಲ್ಲಿ: `mid` ಕೂಡ 3, `high` ಕೂಡ 3, ನೋಡದೆ ಉಳಿದಿರುವುದು ಒಂದೇ ಒಂದು, ಅದು ಬಲದಿಂದ ಬಂದ ಸೊನ್ನೆ. ಲೂಪ್ ಇನ್ನೊಂದು ಸುತ್ತು ಹೋಗುತ್ತದೆ, ಆ ಸೊನ್ನೆ `low` ಇರುವ 1ನೇ ಸ್ಥಾನಕ್ಕೆ ಹೋಗುತ್ತದೆ, `0 0 1 1 2 2`. `mid` 4 ಆಗಿ `high`ನ್ನು ದಾಟಿತು, ಲೂಪ್ ನಿಂತಿತು.

ಆರು ಅಂಶ, ಆರು ಹೆಜ್ಜೆ. ಇದು ಕಾಕತಾಳೀಯ ಅಲ್ಲ. ಪ್ರತಿ ಹೆಜ್ಜೆಯಲ್ಲೂ ಒಂದೋ `mid` ಒಂದು ಮನೆ ಮುಂದೆ ಬರುತ್ತದೆ, ಇಲ್ಲವೇ `high` ಒಂದು ಮನೆ ಹಿಂದೆ ಬರುತ್ತದೆ. ಯಾವುದೇ ಆದರೂ ನೋಡದ ತುಂಡು ಸರಿಯಾಗಿ ಒಂದು ಕಡಿಮೆ. `mid` ನಿಂತಲ್ಲೇ ನಿಂತರೆ ಲೂಪ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದಲ್ವಾ ಅನ್ನುವ ಅನುಮಾನಕ್ಕೂ ಇದೇ ಉತ್ತರ.

ತಪ್ಪುಗಳ ವಿಷಯಕ್ಕೆ ಬರೋಣ, ನನಗೆ ಇದೇ ಹೆಚ್ಚು ರುಚಿ. ಸಾಮಾನ್ಯವಾಗಿ ಆಗುವುದು ಎರಡು. ಮೊದಲನೆಯದು, 2 ಸಿಕ್ಕಾಗಲೂ `mid += 1` ಹಾಕಿಬಿಡುವುದು. ಇನ್ನೊಂದು, `mid <= high` ಬದಲು `mid < high` ಬರೆಯುವುದು. ಇವನ್ನು ಪರೀಕ್ಷಿಸೋಣ ಅಂತ ಹೊರಟರೆ ಕೈ ತಾನಾಗಿ ಟೈಪ್ ಮಾಡುವುದು `2 1 0`, ಪೂರ್ತಿ ಉಲ್ಟಾ ಇರುವ ಅರೇ. ತಮಾಷೆ ಏನೆಂದರೆ ಎರಡು ತಪ್ಪು ಕೋಡುಗಳೂ ಇದರಲ್ಲಿ ಪಾಸಾಗುತ್ತವೆ. ಮೊದಲ ಅದಲುಬದಲಿಗೇ ಅರೇ `0 1 2` ಆಗಿಬಿಡುತ್ತದೆ, ಮುಂದೆ ಕೋಡ್ ಏನು ನೋಡಿತು, ಏನು ಬಿಟ್ಟಿತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಈಗ `1 2 0` ಕೊಟ್ಟು ನೋಡಿ. 1 ದಾಟಿದ ಮೇಲೆ 2 ಸಿಗುತ್ತದೆ, ಕೊನೆಯ 0 ಜೊತೆ ಬದಲಾಗಿ `1 0 2` ಆಗುತ್ತದೆ, `mid` 1, `high` 1. ಮೊದಲ ತಪ್ಪಿನ ಕೋಡ್ ಆ ಸೊನ್ನೆಯನ್ನು ನೋಡದೆ ಹಾರಿಬಿಡುತ್ತದೆ. ಎರಡನೇ ತಪ್ಪಿನ ಕೋಡ್ ಎರಡೂ ಸಮ ಆದವಲ್ಲ ಅಂತ ಅಲ್ಲೇ ನಿಂತುಬಿಡುತ್ತದೆ. ಎರಡರ ಉತ್ತರವೂ `1 0 2`. ಕಾರಣ ಬೇರೆ, ಲಕ್ಷಣ ಒಂದೇ, ಹಾಗಾಗಿ ಉತ್ತರ ನೋಡಿ ಯಾವ ತಪ್ಪು ಅಂತ ಹೇಳೋಕಾಗಲ್ಲ. ಇದಕ್ಕೆ `2 1 2` ಕೊಡಿ. ಮೊದಲ ತಪ್ಪಿನ ಕೋಡ್ ಅದನ್ನು ಹಾಗೇ ವಾಪಸ್ ಕೊಡುತ್ತದೆ, ಎರಡನೆಯದು ಸರಿಯಾಗಿ `1 2 2` ಕೊಡುತ್ತದೆ. `<` ತಪ್ಪು ಬಯಲಾಗಬೇಕಾದರೆ ಕೊನೆಗೆ ಉಳಿದ ಒಂದು ಅಂಶ ಸೊನ್ನೆಯೇ ಆಗಿರಬೇಕು, ಅದರ ಎಡಕ್ಕೆ ಒಂದಾದರೂ 1 ಇರಬೇಕು. ಇಲ್ಲದಿದ್ದರೆ ನೋಡದೆ ಬಿಟ್ಟರೂ ಅದು ಸರಿಯಾದ ಜಾಗದಲ್ಲೇ ಇರುತ್ತದೆ.

ಹೀಗೆ ಒಂದೊಂದೇ ಊಹಿಸುವ ಬದಲು ಎಲ್ಲವನ್ನೂ ಪರೀಕ್ಷೆ ಮಾಡಿಬಿಡುವುದು ಒಳ್ಳೆಯದು. ಬೆಲೆಗಳು ಮೂರೇ ಆದ್ದರಿಂದ ಉದ್ದ 1ರಿಂದ 6ರವರೆಗಿನ ಎಲ್ಲ ಅರೇಗಳು ಸೇರಿದರೂ 1092 ಮಾತ್ರ. ಪ್ರತಿಯೊಂದರ ಉತ್ತರವನ್ನೂ ಭಾಷೆಯ ಜೊತೆಗೇ ಬರುವ ಸಾರ್ಟ್ ಕೊಡುವ ಉತ್ತರಕ್ಕೆ ಹೋಲಿಸಿ.

ಸಿ++ನಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. ಅರೇಯಲ್ಲಿ ಬರೀ ಎರಡುಗಳೇ ಇದ್ದರೆ `mid` ಕೊನೆಯವರೆಗೂ 0ಯಲ್ಲೇ ಇರುತ್ತದೆ, `high` ಇಳಿದು ಇಳಿದು -1 ಆಗಬೇಕು. `high`ನ್ನು `size_t` ಅಂತ ಘೋಷಿಸಿದ್ದರೆ ಅದಕ್ಕೆ ಋಣ ಸಂಖ್ಯೆ ಗೊತ್ತಿಲ್ಲ, ಸೊನ್ನೆಯಿಂದ ಒಂದು ಕಳೆದರೆ ಸುತ್ತು ಹೊಡೆದು ತನ್ನ ಅತಿ ದೊಡ್ಡ ಬೆಲೆಗೆ ಹೋಗುತ್ತದೆ. ಲೂಪ್ ನಿಲ್ಲುವುದಿಲ್ಲ, ಮುಂದಿನ ಸುತ್ತಿನಲ್ಲಿ ಅರೇಯ ಆಚೆ ಎಲ್ಲೋ ಮೆಮೊರಿಗೆ ಕೈ ಹಾಕುತ್ತದೆ. ಖಾಲಿ ಅರೇಯಲ್ಲಿ `high` ಶುರುವಿನಲ್ಲೇ ಹೀಗಾಗುತ್ತದೆ. ಪರಿಹಾರ ಸುಲಭ: `high`ನ್ನು ನೋಡದ ತುಂಡಿನ ಒಂದು ಮನೆ ಆಚೆ ಇಡಿ, ಮೊದಲು ಒಂದು ಕಳೆದು ಆಮೇಲೆ ಅದಲುಬದಲು ಮಾಡಿ. ಆಗ ಲೂಪಿಗೆ `mid < high` ಬರೆಯುವುದೇ ಸರಿ!

ಇದೆಲ್ಲ ನಿಜವಾಗಿ ಎಲ್ಲಿ ಕೆಲಸಕ್ಕೆ ಬರುತ್ತದೆ? ಕ್ವಿಕ್‌ಸಾರ್ಟಿನೊಳಗೆ. ಅಲ್ಲಿ ಒಂದು ಅಂಶವನ್ನು ಪಿವಟ್ ಅಂತ ಆರಿಸಿ, ಚಿಕ್ಕವು ಒಂದು ಕಡೆ, ದೊಡ್ಡವು ಇನ್ನೊಂದು ಕಡೆ ಅಂತ ಭಾಗ ಮಾಡುತ್ತಾರೆ. ಪಿವಟ್‌ಗೆ ಸಮನಾದವು ತುಂಬಾ ಇದ್ದರೆ ಸರಳ ಎರಡು ಭಾಗದ ವಿಧಾನ ಕಷ್ಟಕ್ಕೆ ಸಿಲುಕುತ್ತದೆ. ಎಲ್ಲ ಅಂಶಗಳೂ ಸಮ ಇದ್ದಾಗ ಸಮನಾದವನ್ನೆಲ್ಲ ಒಂದೇ ಪಕ್ಕಕ್ಕೆ ತಳ್ಳುವ ಕೋಡ್ ಒಂದು ಸುತ್ತಿಗೆ ಒಂದೇ ಅಂಶವನ್ನು ಬೇರೆ ಮಾಡುತ್ತದೆ, ಹಾಗಾಗಿ ಒಂದು ಲಕ್ಷ ಅಂಶಕ್ಕೆ ಸುಮಾರು 500 ಕೋಟಿ ಹೋಲಿಕೆ. ಚಿಕ್ಕದ್ದು 0, ಸಮ ಇರುವುದು 1, ದೊಡ್ಡದ್ದು 2 ಅಂದುಕೊಂಡು ಮೂರು ಪಾಯಿಂಟರ್ ಓಡಿಸಿದರೆ ಮೊದಲ ಸುತ್ತಿಗೇ ಎಲ್ಲ ಮಧ್ಯದ ತುಂಡಿಗೆ ಬಿದ್ದು ಕೆಲಸ ಮುಗಿಯುತ್ತದೆ.

ಆದರೆ ಸಮನಾದವು ಅಪರೂಪ ಇದ್ದಾಗ ಇದು ಸ್ವಲ್ಪ ದುಂದು. ಮಧ್ಯದ ತುಂಡಿನಲ್ಲಿ ಪಿವಟ್ ಒಂದೇ ಇದ್ದರೂ, ಆಮೇಲೆ ಸಿಗುವ ಪ್ರತಿ ಚಿಕ್ಕ ಅಂಶವೂ ಅದರ ಜೊತೆ ಜಾಗ ಬದಲಿಸಿಕೊಳ್ಳಬೇಕು. ಅದಕ್ಕೇ ಜಾನ್ ಬೆಂಟ್ಲಿ ಮತ್ತು ಡಗ್ಲಸ್ ಮೆಕಿಲ್ರಾಯ್ 1993ರಲ್ಲಿ ಇದನ್ನು ತಿರುಗಿಸಿದರು: ಸಮನಾದವನ್ನು ಮೊದಲು ಎರಡೂ ತುದಿಗೆ ಒತ್ತರಿಸಿ, ಕೊನೆಯಲ್ಲಿ ಒಟ್ಟಿಗೆ ಮಧ್ಯಕ್ಕೆ ತಂದರು. ಸಮನಾದವು ಕಡಿಮೆ ಇದ್ದರೆ ಸರಿಸುವ ಕೆಲಸವೂ ಕಡಿಮೆ.

ರೆಕಾರ್ಡುಗಳ ಮೇಲೆ ಬಳಸುವವರಿಗೆ ಇನ್ನೊಂದು ಮಾತು. ಮೇಲೆ ಓಡಿಸಿದ `2 0 1 2 0 1` ಅರೇಯ ಮೊದಲ 2 ಹೋಗಿ ಕೂತದ್ದು 5ನೇ ಸ್ಥಾನದಲ್ಲಿ, ನಂತರದ 2 ಕೂತದ್ದು 4ರಲ್ಲಿ. ಅವುಗಳ ಕ್ರಮ ತಿರುಗಿಹೋಯಿತು. ಒಂದೇ ಗುರುತಿನ ರೆಕಾರ್ಡುಗಳು ಬಂದ ಕ್ರಮದಲ್ಲೇ ಇರಬೇಕು ಅನ್ನುವ ಕಡೆ ಈ ವಿಧಾನ ನಡೆಯುವುದಿಲ್ಲ. ಎಣಿಸಿಕೊಂಡು ಇನ್ನೊಂದು ಅರೇಗೆ ಸಾಲಾಗಿ ನಕಲು ಮಾಡಿ, ಅದಕ್ಕೆ ಬೇಕಾದ ಹೆಚ್ಚಿನ ಜಾಗ ಕೊಡಲೇಬೇಕು.