‘ಶೇಕಡಾ 80 ಮುಗಿದಿದೆ’ ಅಂತ ಬರೆದು ಹೋಗಬೇಡಿ

ಮಲೆನಾಡಿನಲ್ಲಿ ಏಪ್ರಿಲ್ ಕೊನೆಗೆ ನೀರಿನ ಪೈಪ್‌ಲೈನ್ ಕೆಲಸದ ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಬಿಟ್ಟರೆ ಹೊಸಬರಿಗೆ ಸಿಗುವುದು ಹೆಚ್ಚೆಂದರೆ ಐದು ವಾರ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗದ್ದೆಗೆ ಜೆಸಿಬಿ ಇಳಿಯುವುದಿಲ್ಲ, ಪೈಪ್‌ಗೆ ತೋಡಿದ ಕಾಲುವೆ ನಿಲ್ಲುವುದಿಲ್ಲ. ಆ ಐದು ವಾರದಲ್ಲಿ ಎರಡು ವಾರ ಹಳೇ ಫೈಲ್ ಹುಡುಕುವುದರಲ್ಲೇ ಹೋಗಿಬಿಡುತ್ತದೆ. ಹೋಗುವವರು ಕೆಲಸ ವಹಿಸಿಕೊಡುವಾಗ ಬರೆದಿಟ್ಟ ಚಾರ್ಜ್ ಟಿಪ್ಪಣಿ ಚೆನ್ನಾಗಿದ್ದರೆ ಆ ಎರಡು ವಾರ ಉಳಿಯುತ್ತದೆ.

ನಾನು ಶಿವಮೊಗ್ಗದಲ್ಲಿದ್ದುಕೊಂಡು ಕುಡಿಯುವ ನೀರಿನ ಕೆಲಸಗಳಿಗೆ ಸಲಹೆ ಕೊಡುತ್ತೇನೆ. ಹೀಗೆ ನಡುವೆ ಕೈ ಬದಲಾದ ಕೆಲಸಗಳನ್ನು ನೋಡುತ್ತಲೇ ಇರುತ್ತೇನೆ. ಹೊಸನಗರ ಕಡೆಯ ಒಂದು ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ. ಒಂದು ಓವರ್‌ಹೆಡ್ ಟ್ಯಾಂಕ್, 12 ಕಿಲೋಮೀಟರ್ ಪೈಪ್‌ಲೈನ್, ನಾಲ್ಕಾರು ಹಳ್ಳಿ. ಗುತ್ತಿಗೆದಾರರ ಮ್ಯಾನೇಜರ್ ಏಪ್ರಿಲ್ 30ಕ್ಕೆ ಬಿಡುವವರಿದ್ದರು. ಅವರು ಬರೆದುಕೊಟ್ಟ ಟಿಪ್ಪಣಿಯ ಮೊದಲ ಸಾಲು ಹೀಗಿತ್ತು: ‘ಪೈಪ್‌ಲೈನ್ ಶೇಕಡಾ 80 ಮುಗಿದಿದೆ.’

ಈ ಸಾಲು ಸುಳ್ಳಲ್ಲ. 12 ಕಿಲೋಮೀಟರ್‌ನಲ್ಲಿ 9.6 ಕಿಲೋಮೀಟರ್ ಪೈಪ್ ನೆಲದೊಳಗೆ ಹೋಗಿತ್ತು. ಆದರೆ ಹೊಸಬರು ಇದನ್ನು ನಂಬಿ ಕೂತರೆ ಕೆಲಸ ಕೆಡುತ್ತದೆ. ಪೈಪ್ ಹಾಕುವುದು ಬೇರೆ, ಅದು ಲೆಕ್ಕಕ್ಕೆ ಬರುವುದು ಬೇರೆ, ಅಲ್ವಾ? ನಾವು ಸೈಟ್ ಎಂಜಿನಿಯರ್ ಜೊತೆ ಕೂತು ಆ ಒಂದು ಸಾಲನ್ನು ನಾಲ್ಕು ಮಾಡಿದೆವು. ಹಾಕಿದ್ದು 9.6 ಕಿಲೋಮೀಟರ್. ಒತ್ತಡದ ಪರೀಕ್ಷೆ ಆದದ್ದು 6.2. ಬಿಲ್‌ಗೆ ಆಧಾರವಾದ ಅಳತೆ ಪುಸ್ತಕಕ್ಕೆ ಏರಿದ್ದು 5.4. ಬಿಲ್ ಆದದ್ದು 4.8.

ಈಗ ನೋಡಿ, ಚಿತ್ರವೇ ಬೇರೆ. ನೆಲದಲ್ಲಿರುವ ಪೈಪ್‌ನಲ್ಲಿ ಅರ್ಧಕ್ಕೆ ಇನ್ನೂ ಬಿಲ್ಲೇ ಹೋಗಿಲ್ಲ. 80 ಅಂತ ಓದಿದ ಹೊಸ ಮ್ಯಾನೇಜರ್ ಮುಂದಿನ ಬಿಲ್ ಸಲೀಸಾಗಿ ಬರುತ್ತದೆ ಅಂದುಕೊಂಡು ಕೆಲಸದ ಗ್ಯಾಂಗ್‌ಗೆ ಮಾತು ಕೊಡುತ್ತಾರೆ. ಆಮೇಲೆ ಕೈಯಲ್ಲಿ ದುಡ್ಡಿರುವುದಿಲ್ಲ.

ಹಾಕಿದ್ದಕ್ಕೂ ಪರೀಕ್ಷೆಯಾದದ್ದಕ್ಕೂ ನಡುವೆ ಇರುವ 3.4 ಕಿಲೋಮೀಟರ್‌ನಲ್ಲಿ ಇನ್ನೊಂದು ವಿಷಯ ಅಡಗಿತ್ತು. ಅದರಲ್ಲಿ 1.1 ಕಿಲೋಮೀಟರ್‌ಗೆ ಆಗಲೇ ಮಣ್ಣು ಮುಚ್ಚಿದ್ದರು. ಪರೀಕ್ಷೆ ಅಂದರೆ ಪೈಪ್‌ಗೆ ನೀರು ತುಂಬಿ, ಗಾಳಿ ಹೊರಗೆ ಬಿಟ್ಟು, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಮೀಟರ್ ಮುಳ್ಳು ಇಳಿಯುತ್ತದಾ ಅಂತ ನೋಡುವುದು. ಮುಳ್ಳು ಇಳಿದರೆ ಸೋರುವ ಜಾಯಿಂಟ್ ಹುಡುಕಬೇಕು. ತೆರೆದ ಕಾಲುವೆಯಲ್ಲಾದರೆ ನಡೆದುಕೊಂಡು ಹೋದರೆ ಒದ್ದೆ ಕಾಣುತ್ತದೆ. ಮುಚ್ಚಿದ ಮೇಲೆ ಅಂದಾಜಿನ ಮೇಲೆ ಅಗೆಯಬೇಕು. ಹಾಗಾಗಿ ಟಿಪ್ಪಣಿಯಲ್ಲಿ ಆ 1.1 ಕಿಲೋಮೀಟರ್ ಯಾವ ಚೈನೇಜ್‌ನಿಂದ ಯಾವ ಚೈನೇಜ್‌ವರೆಗೆ, ಅಂದರೆ ಲೈನ್ ಶುರುವಾದಲ್ಲಿಂದ ಎಷ್ಟನೇ ಮೀಟರ್‌ನಿಂದ ಎಷ್ಟರವರೆಗೆ, ಯಾಕೆ ಬೇಗ ಮುಚ್ಚಿದರು, ಜಾಯಿಂಟ್‌ಗಳು ಎಲ್ಲೆಲ್ಲಿವೆ ಅಂತ ಬರೆಸಿದೆವು. ಶಾಲೆಯ ಎದುರು ಮಕ್ಕಳು ಓಡಾಡುವ ಜಾಗ ಅಂತ ಮುಚ್ಚಿದ್ದರಂತೆ. ಸರಿಯಾದ ಕಾರಣವೇ, ಆದರೆ ಅದು ಅವರ ತಲೆಯೊಳಗಷ್ಟೇ ಇತ್ತು.

ಅಳತೆಯ ವಿಷಯದಲ್ಲೂ ಮುಚ್ಚಿದ ಮಣ್ಣೇ ಕಷ್ಟ ಕೊಡುತ್ತದೆ. ನಮ್ಮ ಕಡೆ ಒಂದು ಅಡಿ ಮೆತ್ತನೆ ಮಣ್ಣು ತೋಡಿದರೆ ಕೆಳಗೆ ಗಟ್ಟಿ ಜಂಬಿಟ್ಟಿಗೆ ಸಿಗುತ್ತದೆ, ಕೆಲವು ಕಡೆ ಕರಿಕಲ್ಲು. ಮಣ್ಣಿಗೆ ಒಂದು ದರ, ಬಂಡೆಗೆ ಇನ್ನೊಂದು. ಕಾಲುವೆ ತೆರೆದಿರುವಾಗಲೇ ಇಲಾಖೆಯವರೂ ನಾವೂ ಸೇರಿ ಅಳೆದು ಬರೆಯದಿದ್ದರೆ, ಆಮೇಲೆ ‘ಇಲ್ಲಿ ಬಂಡೆ ಇತ್ತು’ ಅಂದರೆ ಯಾರೂ ಒಪ್ಪುವುದಿಲ್ಲ. ಅಳೆದಿದ್ದೂ ಪುಸ್ತಕಕ್ಕೆ ಏರದ ತುಂಡುಗಳನ್ನು ಟಿಪ್ಪಣಿಯಲ್ಲಿ ಒಂದೊಂದಾಗಿ ಬರೆಯಿರಿ. ಚೈನೇಜ್ ಹಲಗೆ, ಟೇಪ್ ಎರಡೂ ಕಾಣುವ ಫೋಟೋ ಎಲ್ಲಿದೆ, ಅಳತೆ ದಿನ ಇಲಾಖೆಯಿಂದ ಯಾರು ಬಂದಿದ್ದರು ಅನ್ನುವುದೂ ಇರಲಿ. ಫೋಟೋ ನಿಮ್ಮ ಸ್ವಂತ ಫೋನ್‌ನಲ್ಲೇ ಇದ್ದರೆ ಹೋಗುವ ಮೊದಲು ಆಫೀಸಿನ ಕಂಪ್ಯೂಟರ್‌ಗೆ ಹಾಕಿ. ನೀವು ಫೋನ್ ಬದಲಿಸಿದ ದಿನ ಆ ದುಡ್ಡೂ ಹೋಗುತ್ತದೆ.

ಇನ್ನು ಉಳಿದ 2.4 ಕಿಲೋಮೀಟರ್. ಇದು ಬರೀ ಶೇಕಡಾ 20 ಅಲ್ಲ, ಹೆಚ್ಚಾಗಿ ಕಷ್ಟದ ಭಾಗವೇ ಕೊನೆಗೆ ಉಳಿದಿರುತ್ತದೆ. ಇಲ್ಲಿ 1.5 ಕಿಲೋಮೀಟರ್ ಗದ್ದೆ ಬದಿಯಲ್ಲಿತ್ತು. ಮಳೆಗೆ ಮೊದಲು ಆಗದಿದ್ದರೆ ನಾಟಿ ಮುಗಿದು, ಬೆಳೆ ಕೊಯ್ಯುವವರೆಗೆ ಕಾಯಬೇಕು. 600 ಮೀಟರ್ ಕಾಡಿನ ಅಂಚು, ಅದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬಂದಿರಲಿಲ್ಲ. ಇನ್ನು 300 ಮೀಟರ್ ರಸ್ತೆ ಪಕ್ಕ, ಒಂದು ತೋಟದ ಮುಂದೆ. ಹೀಗೆ ಒಡೆದು ಬರೆದ ತಕ್ಷಣ ಹೊಸಬರಿಗೆ ದಾರಿ ಕಾಣುತ್ತದೆ. ಮೇ ತಿಂಗಳು ಪೂರ್ತಿ ಗ್ಯಾಂಗ್ ಗದ್ದೆಯಲ್ಲಿರಬೇಕು. ಕಾಡಿನ ಭಾಗಕ್ಕೆ ಈಗ ಬೇಕಿರುವುದು ಜೆಸಿಬಿ ಅಲ್ಲ, ಕಚೇರಿಗೆ ಓಡಾಡುವ ಒಬ್ಬ ಮನುಷ್ಯ. ಅರ್ಜಿ ಯಾವ ಟೇಬಲ್‌ನಲ್ಲಿದೆ, ಕೊನೆಗೆ ಏನು ಕೇಳಿದರು, ನಾವು ಏನು ಕೊಟ್ಟೆವು ಅನ್ನುವುದನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು.

ಆ 300 ಮೀಟರ್ ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದರು. ಮೇ ಮೊದಲ ವಾರ ಜೆಸಿಬಿ ಹೋದಾಗ ತೋಟದ ಯಜಮಾನರು ಅಡ್ಡ ನಿಂತರು. ‘ಮೋರಿ ಹಾಕಿ ಕೊಡ್ತೀನಿ ಅಂದಿದ್ರು ಮಾರಾಯ್ರೆ ನಿಮ್ಮ ಹಳೇ ಮ್ಯಾನೇಜರ್ರು. ಅದು ಆಗ್ದೆ ಒಂದು ಅಡಿನೂ ಅಗೆಯೋದು ಬೇಡ’ ಅಂದರು. ಹಿಂದಿನ ತುಂಡು ತೋಡಿದಾಗ ಅವರ ಅಡಿಕೆ ತೋಟದ ಬಸಿಗಾಲುವೆ ಹೊರಗೆ ಬೀಳುವ ಬಾಯಿ ಮುಚ್ಚಿಹೋಗಿತ್ತು. ಅಲ್ಲಿ ಸಿಮೆಂಟ್ ಪೈಪಿನ ಒಂದು ಸಣ್ಣ ಮೋರಿ ಇಟ್ಟುಕೊಡುವುದಾಗಿ ಹಳೇ ಮ್ಯಾನೇಜರ್ ಒಪ್ಪಿದ್ದರು. ಮಳೆಗಾಲದಲ್ಲಿ ತೋಟದಲ್ಲಿ ನೀರು ನಿಂತರೆ ಮರಕ್ಕೆ ಏನಾಗುತ್ತದೆ ಅಂತ ಅಡಿಕೆ ಬೆಳೆದವರಿಗೆ ಹೇಳಬೇಕಾಗಿಲ್ಲ. ಅವರ ಕೋಪ ನ್ಯಾಯವಾದದ್ದೇ. ಟಿಪ್ಪಣಿಯಲ್ಲಿ ಮಾತ್ರ ಈ ಮೋರಿಯ ಸುದ್ದಿಯೇ ಇರಲಿಲ್ಲ. ಹಳೇ ಮ್ಯಾನೇಜರ್‌ಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವವರೆಗೆ ಕೆಲಸ ನಿಂತಿತು. ಗ್ಯಾಂಗ್ ಸುಮ್ನೆ ಕೂತಿತು, ಕೂಲಿ ಮಾತ್ರ ಓಡಿತು.

ನನ್ನ ಪ್ರಕಾರ ಟಿಪ್ಪಣಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಸಿಗಬೇಕಾದದ್ದು ಇಂಥ ಬಾಯಿಮಾತುಗಳಿಗೆ. ಡ್ರಾಯಿಂಗ್, ವರ್ಕ್ ಆರ್ಡರ್, ಪತ್ರಗಳು ಫೈಲಿನಲ್ಲಿ ಇದ್ದೇ ಇರುತ್ತವೆ. ಅವು ಎಲ್ಲಿವೆ ಅಂತ ಒಂದು ಸಾಲು ಸಾಕು. ಮಾತು ಹಾಗಲ್ಲ, ಆಡಿದವರು ಹೋದರೆ ಅವರ ಜೊತೆಗೇ ಹೋಗುತ್ತದೆ. ಹೀಗೆ ಬರೆದಿದ್ದರೆ ಸಾಕಿತ್ತು: ‘ಚೈನೇಜ್ 10,350, ರಸ್ತೆಯ ಎಡಕ್ಕೆ ಅಡಿಕೆ ತೋಟ. ಬಸಿಗಾಲುವೆಯ ಬಾಯಿಗೆ ಮೋರಿ ಹಾಕಿಕೊಡುವುದಾಗಿ ಮಾರ್ಚ್‌ನಲ್ಲಿ ಮಾತು ಕೊಟ್ಟಿದ್ದೇನೆ. ಮಳೆಗೆ ಮೊದಲು ಆಗಬೇಕು. ಇದರ ಮೇಲೇ ಮುಂದಿನ 300 ಮೀಟರ್‌ಗೆ ಒಪ್ಪಿದ್ದಾರೆ. ಸೈಟ್ ಎಂಜಿನಿಯರ್‌ಗೆ ಗೊತ್ತಿದೆ. ಗುತ್ತಿಗೆದಾರರಿಗೆ ಇನ್ನೂ ಹೇಳಿಲ್ಲ.’ ಕೊನೆಯ ಸಾಲು ಬರೆಯಲು ಮುಜುಗರ ಆಗಬಹುದು. ಆದರೂ ಬರೆಯಿರಿ. ಖರ್ಚಿಗೆ ಒಪ್ಪಿಗೆ ಆಗಿದೆಯೋ ಇಲ್ಲವೋ ಅಂತ ಹೊಸಬರಿಗೆ ಗೊತ್ತಾಗಲೇಬೇಕು.

ಮಾತು ಎರಡೂ ಕಡೆಯಿಂದ ಇರುತ್ತದೆ. ಕಂಬ ಸರಿಸಿಕೊಡುತ್ತೇವೆ ಅಂತ ವಿದ್ಯುತ್ ಕಚೇರಿಯವರು ಅಂದಿರಬಹುದು. ಹಳೇ ಪೈಪ್ ತೆಗೆಸುತ್ತೇನೆ ಅಂತ ಪಿಡಿಒ ಅಂದಿರಬಹುದು. ಗ್ಯಾಂಗ್ ಮೇಸ್ತ್ರಿಗೆ ಕೊಟ್ಟ ಅಡ್ವಾನ್ಸ್, ಜೆಸಿಬಿಯವರಿಗೆ ಗಂಟೆ ಲೆಕ್ಕದಲ್ಲಿ ಬಾಕಿ, ಇವೂ ಇಲ್ಲೇ ಬರಲಿ. ನೆನಪಾಗದಿದ್ದರೆ ಫೋನಿನ ವಾಟ್ಸಾಪ್ ಮಾತುಕತೆ ಎರಡು ತಿಂಗಳು ಹಿಂದಕ್ಕೆ ಓದಿ. ಅರ್ಧಕ್ಕರ್ಧ ಅಲ್ಲೇ ಸಿಗುತ್ತವೆ.

ಬದಲಾದ ನಿರ್ಧಾರಗಳದ್ದೂ ಇದೇ ಕಥೆ. ಇದೇ ಕೆಲಸದಲ್ಲಿ ಚೈನೇಜ್ 7,100ರಿಂದ 7,600ರವರೆಗೆ ಪೈಪ್ ರಸ್ತೆಯ ಎಡದಿಂದ ಬಲಕ್ಕೆ ಹೋಗಿತ್ತು. ಡ್ರಾಯಿಂಗ್‌ನಲ್ಲಿ ಎಡಕ್ಕೇ ಇತ್ತು. ಎಡಕ್ಕೆ ಗುಡ್ಡದ ನೀರು ಹರಿಯುವ ಚರಂಡಿ, ಅಲ್ಲಿ ಹಾಕಿದರೆ ಒಂದೇ ಮಳೆಗೆ ಮಣ್ಣು ಕೊಚ್ಚಿ ಪೈಪ್ ಮೇಲೆ ಬರುತ್ತದೆ ಅಂತ ಬದಲಿಸಿದ್ದರು. ಇಲಾಖೆಯ ಎಂಜಿನಿಯರ್ ಸೈಟ್‌ನಲ್ಲಿ ನಿಂತು ಹೂಂ ಅಂದಿದ್ದರು, ಕಾಗದ ಆಗಿರಲಿಲ್ಲ. ಕಾರಣ ಗೊತ್ತಿಲ್ಲದ ಹೊಸಬರು ಇದನ್ನು ತಪ್ಪು ಅಂತ ತಿಳಿದು ‘ಸರಿಪಡಿಸಲು’ ಹೊರಡುತ್ತಾರೆ. ಅದಕ್ಕೇ ಏನು ಬದಲಾಯಿತು ಅನ್ನುವುದರ ಪಕ್ಕದಲ್ಲಿ ಯಾಕೆ, ಯಾರು ಒಪ್ಪಿದರು, ಕಾಗದ ಇದೆಯಾ ಅನ್ನುವುದು ಇರಬೇಕು. ಕಾಗದ ಇಲ್ಲದಿದ್ದರೆ ಹೋಗುವವರೇ ಇದ್ದ ದಿನಗಳಲ್ಲಿ ಮಾಡಿಸಿಕೊಳ್ಳಬೇಕು. ಹೂಂ ಅಂದದ್ದಕ್ಕೆ ಸಾಕ್ಷಿ ಅವರೊಬ್ಬರೇ ಅಲ್ವಾ?

ತಾರೀಕುಗಳಿಗೆ ಒಂದು ಪುಟ ಸಾಕು. ಇಲ್ಲಿ ಇಲಾಖೆಗೆ ಭದ್ರತೆಯಾಗಿ ಕೊಟ್ಟ ಬ್ಯಾಂಕ್ ಗ್ಯಾರಂಟಿ ಜೂನ್ 15ಕ್ಕೆ ಮುಗಿಯುತ್ತಿತ್ತು, ಕರಾರಿನ ಅವಧಿ ಜೂನ್ 30ಕ್ಕೆ. ಗ್ಯಾರಂಟಿ ನವೀಕರಿಸದೇ ಬಿಟ್ಟರೆ ಅದು ಮುಗಿಯುವ ಮೊದಲೇ ಇಲಾಖೆ ಆ ದುಡ್ಡು ಕೇಳಿ ಬ್ಯಾಂಕಿಗೆ ಬರೆಯಬಹುದು. ಹಾಗಾಗಿ ಟಿಪ್ಪಣಿಯಲ್ಲಿ ಜೂನ್ 15 ಅಂತ ಮಾತ್ರ ಇದ್ದರೆ ಸಾಲದು. ‘ಮೇ 15ರೊಳಗೆ ಬ್ಯಾಂಕಿಗೆ ಅರ್ಜಿ ಹೋಗಬೇಕು’ ಅಂತ ಇರಬೇಕು. ಅವಧಿ ವಿಸ್ತರಣೆಗೂ ಹಾಗೇ. ಅದಕ್ಕೆ ಆಧಾರ ಅಡಚಣೆ ಪುಸ್ತಕ. ಅರಣ್ಯ ಒಪ್ಪಿಗೆಗೆ ಕಾದ ದಿನಗಳು ಅದರಲ್ಲಿ ಏರಿ, ಇಲಾಖೆಯವರ ಸಹಿ ಆಗಿದೆಯಾ ಅಂತ ನೋಡಿ.

ಬರೆಯಬಾರದ್ದೂ ಇದೆ. ಯಾರು ಒರಟು, ಯಾರು ಮೈಗಳ್ಳ ಅನ್ನುವುದು ನಾಲ್ಕು ಜನರ ಕೈಗೆ ಹೋಗುವ ಕಾಗದದಲ್ಲಿ ಬೇಡ. ಮಾತಿನಲ್ಲಿ ಹೇಳಿ. ಪಾಸ್‌ವರ್ಡ್ ಕೂಡ ಬೇಡ, ಯಾವ ಖಾತೆ ಯಾರ ಹೆಸರಲ್ಲಿದೆ ಅಂತ ಬರೆದು, ಎದುರಿಗೆ ಕೂತು ಬದಲಾಯಿಸಿಕೊಡಿ.

ಟಿಪ್ಪಣಿ ಆರೆಂಟು ಪುಟ ದಾಟಿದರೆ ಯಾರೂ ಓದುವುದಿಲ್ಲ. ಹೊರಡುವ ಎರಡು ವಾರ ಮೊದಲೇ ಮೊದಲ ಕರಡು ಸಿದ್ಧವಿರಲಿ. ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಹೊಸಬರ ಜೊತೆ ಪೂರ್ತಿ ಲೈನ್ ನಡೆಯಿರಿ. ಕಾರಿನಲ್ಲಿ ಹೋದರೆ ಮೋರಿ ಕಾಣುವುದಿಲ್ಲ. ನಡೆದು ಬಂದ ಮೇಲೆ ಮುಂದಿನ 30 ದಿನ ಏನು ಮಾಡುತ್ತೀರಿ ಅಂತ ಒಂದು ಪುಟ ಬರೆಯಲು ಅವರಿಗೆ ಹೇಳಿ. ಅದರಲ್ಲಿ ಗದ್ದೆ ಮೊದಲು ಬಂದಿಲ್ಲ ಅಂದರೆ ನಿಮ್ಮ ಟಿಪ್ಪಣಿಯಲ್ಲೇ ಎಲ್ಲೋ ಅದು ಮುಚ್ಚಿಹೋಗಿದೆ. ತಿದ್ದಿ.

ಎಷ್ಟೋ ಸಲ ಹೊಸಬರು ಇನ್ನೂ ಬಂದೇ ಇರುವುದಿಲ್ಲ. ಆಗ ಸೈಟ್ ಎಂಜಿನಿಯರ್ ಜೊತೆಗೇ ನಡೆಯಿರಿ, ಪ್ರತಿ ತಿರುವಿನಲ್ಲೂ ಫೋನ್ ಹಿಡಿದು ಚೈನೇಜ್ ಹೇಳುತ್ತಾ ವಿಡಿಯೋ ಮಾಡಿಡಿ. ಟಿಪ್ಪಣಿಗೆ ನೀವೂ ಎಂಜಿನಿಯರೂ ಗುತ್ತಿಗೆದಾರರೂ ಸಹಿ ಹಾಕಿ, ಒಂದು ಪ್ರತಿ ಸೈಟ್ ಆಫೀಸಿನಲ್ಲೇ ಉಳಿಯಲಿ. ಹೋದ ಮೇಲೆ ಎರಡು ವಾರ ಸಂಜೆ ಹೊತ್ತು ಫೋನ್ ತೆಗೆಯುತ್ತೇನೆ ಅಂತ ಒಪ್ಪಿಕೊಳ್ಳಿ, ಸಮಯವನ್ನೂ ಬರೆದುಕೊಡಿ. ಆ ಕರೆಗಳಲ್ಲಿ ಬಂದ ಪ್ರಶ್ನೆ, ಕೊಟ್ಟ ಉತ್ತರ ಎರಡನ್ನೂ ಸೈಟ್ ಎಂಜಿನಿಯರ್ ಅದೇ ಟಿಪ್ಪಣಿಯ ಕೊನೆಗೆ ಸೇರಿಸುತ್ತಾ ಹೋಗಲಿ.