ಫ್ರಾಂಚೈಸಿ ಲೆಕ್ಕ: ರಾಯಲ್ಟಿ ವ್ಯಾಪಾರದ ಮೇಲೆ, ರಿಸ್ಕ್ ಲಾಭದ ಮೇಲೆ

ಫ್ರಾಂಚೈಸಿ ವ್ಯವಹಾರದಲ್ಲಿ ಹೆಸರು, ಅಡುಗೆಯ ವಿಧಾನ, ತರಬೇತಿ ಬ್ರ್ಯಾಂಡ್‌ನವರದು. ಜಾಗ, ಬಂಡವಾಳ, ದಿನದ ದುಡಿಮೆ ಅಂಗಡಿ ಹಾಕುವವರದು. ಇಷ್ಟು ಎಲ್ಲ ಪಠ್ಯದಲ್ಲೂ ಇರುತ್ತದೆ. ಪರೀಕ್ಷೆಗೂ, ನಿಜವಾಗಿ ಅಂಗಡಿ ಹಾಕುವವರಿಗೂ ಬೇಕಾದ ಪ್ರಶ್ನೆ ಬೇರೆ: ಹೆಸರು ಬಳಸಿದ್ದಕ್ಕೆ ಬ್ರ್ಯಾಂಡ್‌ಗೆ ತಿಂಗಳು ತಿಂಗಳು ಕೊಡುವ ರಾಯಲ್ಟಿಯನ್ನು ಒಟ್ಟು ವ್ಯಾಪಾರದ ಮೇಲೆ ಹಾಕಿದರೆ, ತಿಂಗಳು ಕೆಟ್ಟಾಗ ಪೆಟ್ಟು ಯಾರಿಗೆ ಎಷ್ಟು ಬೀಳುತ್ತದೆ? ಇದಕ್ಕೆ ಉತ್ತರ ಸಿಗಬೇಕಾದರೆ ಒಂದು ಅಂಗಡಿಯ ಲೆಕ್ಕ ಬಿಡಿಸಲೇಬೇಕು.

ಉದಾಹರಣೆ: ವಿಜಯನಗರದಲ್ಲಿ ಒಂದು ದೋಸೆ–ಕಾಫಿ ಅಂಗಡಿ

ಅಂಕಿಗಳು ಕಲ್ಪಿತ. ಬೆಂಗಳೂರಿನಲ್ಲಿ ಒಂದು ಚಿಕ್ಕ ದರ್ಶಿನಿಗೆ ಬರುವ ಖರ್ಚಿನ ರೀತಿ ಮಾತ್ರ ಇದೇ. ಫ್ರಾಂಚೈಸಿ ಶುಲ್ಕ 5 ಲಕ್ಷ, ಅದಕ್ಕೆ 18% ಜಿಎಸ್‌ಟಿ ಸೇರಿ 5.9 ಲಕ್ಷ. ಒಳಾಂಗಣ, ಕಾವಲಿ, ಗ್ರೈಂಡರ್, ಹೊಗೆ ಚಿಮಣಿ ಎಲ್ಲಕ್ಕೂ 14 ಲಕ್ಷ. ಬಾಡಿಗೆ 80,000, ಹತ್ತು ತಿಂಗಳ ಅಡ್ವಾನ್ಸ್ ಎಂದರೆ 8 ಲಕ್ಷ. ಕೈಬಂಡವಾಳ 2.1 ಲಕ್ಷ. ಒಟ್ಟು 30 ಲಕ್ಷ. ಇದರಲ್ಲಿ ಅಡ್ವಾನ್ಸ್ ವಾಪಸ್ ಬರುತ್ತದೆ. ಶುಲ್ಕ ಬರುವುದಿಲ್ಲ. ಒಳಾಂಗಣಕ್ಕೆ ಹಾಕಿದ್ದು ಹೆಚ್ಚುಕಡಿಮೆ ಹೋದಂತೆಯೇ. ಬ್ರ್ಯಾಂಡ್‌ನ ಬಣ್ಣ, ಬೋರ್ಡು, ಕೌಂಟರ್ ಬೇರೆ ಅಂಗಡಿಗೆ ಹೊಂದುವುದಿಲ್ಲ. ಹಾಗಾಗಿ ನಿಜವಾಗಿ ಪಣಕ್ಕಿಟ್ಟ ಹಣ ಸುಮಾರು 20 ಲಕ್ಷ.

ತಿಂಗಳ ಖರ್ಚು ಎರಡು ಬಗೆ. ಬಾಡಿಗೆ, ಸಂಬಳ, ಕರೆಂಟ್, ರಿಪೇರಿ ಸೇರಿ 2,25,000 ರೂಪಾಯಿ. ಒಂದು ದೋಸೆ ಮಾರಿದರೂ ಇಷ್ಟೇ, ಸಾವಿರ ಮಾರಿದರೂ ಇಷ್ಟೇ. ಇನ್ನೊಂದು ಬಗೆ ವ್ಯಾಪಾರದ ಜೊತೆ ಏರಿಳಿಯುತ್ತದೆ: ದಿನಸಿ, ಪ್ಯಾಕಿಂಗ್, ಗ್ಯಾಸ್‌ಗೆ ವ್ಯಾಪಾರದ 40%, ಡೆಲಿವರಿ ಆ್ಯಪ್‌ಗಳ ಕಮಿಷನ್‌ಗೆ ಸರಾಸರಿ 5%, ರಾಯಲ್ಟಿ 6%, ಜಾಹೀರಾತು ನಿಧಿಗೆ 2%.

ಇಲ್ಲಿ ಜಿಎಸ್‌ಟಿಯ ಒಂದು ಸೂಕ್ಷ್ಮವನ್ನು ಹಲವರು ಬಿಟ್ಟುಬಿಡುತ್ತಾರೆ. ಇಂಥ ಹೋಟೆಲು ಗ್ರಾಹಕರಿಂದ 5% ಜಿಎಸ್‌ಟಿ ಪಡೆಯುತ್ತದೆ, ಆದರೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ತಾನು ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುವ ಅವಕಾಶ, ಅದಕ್ಕೆ ಸಿಗುವುದಿಲ್ಲ. ರಾಯಲ್ಟಿ ಮತ್ತು ಜಾಹೀರಾತು ನಿಧಿಯ ಮೇಲಿನ 18% ಪೂರಾ ಖರ್ಚೇ. ಕಾಗದದ ಮೇಲಿನ 8% ಅಂಗಡಿಯವರ ಕೈಯಿಂದ 9.44% ಆಗಿ ಹೋಗುತ್ತದೆ. ಬಾಡಿಗೆಯ ಮೇಲಿನ 18% ಕೂಡ ಹಾಗೆಯೇ, 14,400 ರೂಪಾಯಿ. ಮೇಲಿನ 2,25,000ದಲ್ಲಿ ಅದನ್ನು ಸೇರಿಸಿದೆ. ಕಟ್ಟಡದ ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಎಂದು ನಿರಾಳವಾಗುವಂತಿಲ್ಲ: 2024ರ ಅಕ್ಟೋಬರ್‌ನಿಂದ ಅಂಥ ವಾಣಿಜ್ಯ ಬಾಡಿಗೆಗೆ ನೋಂದಾಯಿತ ಬಾಡಿಗೆದಾರರೇ ರಿವರ್ಸ್ ಚಾರ್ಜ್ ಪ್ರಕಾರ ಕಟ್ಟಬೇಕು.

ಎಲ್ಲ ಕಳೆದರೆ ನೂರು ರೂಪಾಯಿ ವ್ಯಾಪಾರದಲ್ಲಿ ಸ್ಥಿರ ಖರ್ಚಿಗೆ ಉಳಿಯುವುದು 45.56 ರೂಪಾಯಿ. 2,25,000ವನ್ನು ಅದರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 4.94 ಲಕ್ಷ, ಲಾಭವೂ ಇಲ್ಲದ, ನಷ್ಟವೂ ಇಲ್ಲದ ಗಡಿ ಅದು.

| ತಿಂಗಳ ವ್ಯಾಪಾರ | ಬ್ರ್ಯಾಂಡ್‌ಗೆ ರಾಯಲ್ಟಿ | ಅಂಗಡಿಯವರಿಗೆ ಉಳಿದದ್ದು |
|---|---|---|
| 4.5 ಲಕ್ಷ | 27,000 | 19,980 ನಷ್ಟ |
| 6 ಲಕ್ಷ | 36,000 | 48,360 |
| 8 ಲಕ್ಷ | 48,000 | 1,39,480 |

ಈ ಪಟ್ಟಿಯ ಸಾಲುಗಳನ್ನು ಒಂದಕ್ಕೊಂದು ಹೋಲಿಸಿ. ವ್ಯಾಪಾರ 6 ಲಕ್ಷದಿಂದ ಕಾಲು ಭಾಗ ಇಳಿದರೆ ಬ್ರ್ಯಾಂಡ್‌ನ ಆದಾಯವೂ ಕಾಲು ಭಾಗ ಇಳಿಯುತ್ತದೆ, ಅಷ್ಟೇ. ಅಂಗಡಿಯವರು ಲಾಭದಿಂದ ನೇರ ನಷ್ಟಕ್ಕೆ ಬೀಳುತ್ತಾರೆ. ವ್ಯಾಪಾರ ಮೂರನೇ ಒಂದು ಭಾಗ ಏರಿದರೆ ಬ್ರ್ಯಾಂಡ್‌ಗೆ ಮೂರನೇ ಒಂದು ಭಾಗವೇ ಹೆಚ್ಚು. ಅಂಗಡಿಯವರ ಲಾಭ ಮೂರು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಬ್ರ್ಯಾಂಡ್‌ನವರು ಗಲ್ಲಾದಿಂದ ಮೊದಲೇ ತಮ್ಮ ಪಾಲು ಎತ್ತಿಕೊಳ್ಳುತ್ತಾರೆ, ಕೊನೆಗೆ ಉಳಿದದ್ದು ಅಥವಾ ಉಳಿಯದೆ ಹೋದದ್ದು ಅಂಗಡಿಯವರ ಪಾಲು. 6 ಲಕ್ಷದ ಮಟ್ಟದಲ್ಲೇ ನಡೆದರೆ 19.9 ಲಕ್ಷ ವಾಪಸ್ ಬರಲು ಸುಮಾರು 41 ತಿಂಗಳು ಬೇಕು. ಅಂಗಡಿಯವರ ಸ್ವಂತ ಸಂಬಳ, ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಒಪ್ಪಂದ ಐದು ವರ್ಷದ್ದಾದರೆ ನಿಜವಾದ ಗಳಿಕೆಗೆ ಸಿಗುವುದು ಕೊನೆಯ 19 ತಿಂಗಳು.

ಹಾಗಾದರೆ ಲಾಭದ ಮೇಲೇ ಯಾಕೆ ಹಾಕುವುದಿಲ್ಲ?

ವ್ಯಾಪಾರ ಬಿಲ್ಲಿಂಗ್ ಯಂತ್ರದಲ್ಲಿ ಕಾಣುತ್ತದೆ, ಲಾಭ ಕಾಣುವುದಿಲ್ಲ. ಭಾವಮೈದುನನನ್ನು ಮ್ಯಾನೇಜರ್ ಎಂದು ತೋರಿಸಿ 40,000 ಸಂಬಳ ಬರೆದರೆ ಅಷ್ಟು ಲಾಭ ಪುಸ್ತಕದಿಂದ ಮಾಯ. ಸ್ಥಿರ ಮೊತ್ತ ಒಮ್ಮೆಲೇ ಪಡೆದರೆ ಇನ್ನೊಂದು ತೊಂದರೆ: ಹಣ ಬಂದ ಮೇಲೆ ತರಬೇತಿ, ಗುಣಮಟ್ಟ ತಪಾಸಣೆ, ಜಾಹೀರಾತಿನ ಬಗ್ಗೆ ಬ್ರ್ಯಾಂಡ್‌ಗೆ ಆಸಕ್ತಿ ಉಳಿಯುವುದಿಲ್ಲ. ಎರಡೂ ಕಡೆಯವರು ದುಡಿಯಬೇಕು, ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಪೂರಾ ನೋಡಲಾರರು. ಅರ್ಥಶಾಸ್ತ್ರದಲ್ಲಿ ಇದನ್ನು ಇಬ್ಬದಿಯ ನೈತಿಕ ಅಪಾಯ ಎನ್ನಬಹುದು. ವ್ಯಾಪಾರದ ಮೇಲಿನ ರಾಯಲ್ಟಿ ಇದಕ್ಕೆ ಒಂದು ರಾಜಿ. ಆದರೆ ಅದು ಬ್ರ್ಯಾಂಡ್‌ಗೆ ಆಸಕ್ತಿ ಹುಟ್ಟಿಸುವುದು ವ್ಯಾಪಾರದಲ್ಲಿ, ಲಾಭದಲ್ಲಲ್ಲ. ಜಗಳಗಳು ಹೆಚ್ಚಾಗಿ ಈ ಬಿರುಕಿನಿಂದಲೇ ಏಳುತ್ತವೆ.

ಮೊದಲನೆಯದು ರಿಯಾಯಿತಿ. ಬ್ರ್ಯಾಂಡ್‌ನವರು ಎಲ್ಲ ಅಂಗಡಿಗಳಲ್ಲೂ 20% ಆಫರ್ ಇಡಿ ಎನ್ನುತ್ತಾರೆ. ಪ್ಲೇಟುಗಳು 40% ಹೆಚ್ಚಿದವು ಎನ್ನೋಣ, ಆಫರ್ ಭರ್ಜರಿಯಾಗಿಯೇ ಗೆದ್ದಿತು. ವ್ಯಾಪಾರ 6 ಲಕ್ಷದಿಂದ 6.72 ಲಕ್ಷಕ್ಕೆ ಏರುತ್ತದೆ, ರಾಯಲ್ಟಿ 36,000ದಿಂದ 40,320ಕ್ಕೆ. ಆದರೆ ದಿನಸಿ ಖರ್ಚು ಏರುವುದು ಪ್ಲೇಟಿನ ಲೆಕ್ಕದಲ್ಲಿ: 2.4 ಲಕ್ಷ ಇದ್ದದ್ದು 3.36 ಲಕ್ಷ. ಅಂಗಡಿಯವರಿಗೆ ಉಳಿಯುವುದು 48,360ರ ಬದಲು ಸುಮಾರು 14,000. ಅದೇ ತಿಂಗಳು ಬ್ರ್ಯಾಂಡ್ ಸಂಭ್ರಮಿಸುತ್ತದೆ, ಅಂಗಡಿಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೆಲವು ಒಪ್ಪಂದಗಳಲ್ಲಿ ‘ಒಟ್ಟು ವ್ಯಾಪಾರ’ ಎಂದರೆ ಮೆನು ದರದ ಲೆಕ್ಕ, ರಿಯಾಯಿತಿ ಕಳೆಯುವುದಕ್ಕೆ ಮುಂಚಿನದು ಎಂದಿರುತ್ತದೆ. ಆಗ ಇದೇ ತಿಂಗಳ ರಾಯಲ್ಟಿ 8.4 ಲಕ್ಷದ ಮೇಲೆ 50,400 ಆಗುತ್ತದೆ. ಆ ಒಂದು ವ್ಯಾಖ್ಯೆಯನ್ನು ಸಹಿಗೆ ಮುಂಚೆ ಓದಬೇಕು.

ಎರಡನೆಯದು ಪಕ್ಕದ ಅಂಗಡಿ. ಅದೇ ಬ್ರ್ಯಾಂಡ್ ಹತ್ತಿರದಲ್ಲೇ ಇನ್ನೊಂದು ಅಂಗಡಿ ಕೊಟ್ಟಿತು. ಮೊದಲಿನದರ ವ್ಯಾಪಾರ 20% ಕುಸಿದು 4.8 ಲಕ್ಷವಾಯಿತು, ಹೊಸದು 5 ಲಕ್ಷ ಮಾಡಿತು. ಬ್ರ್ಯಾಂಡ್‌ಗೆ 36,000 ಇದ್ದದ್ದು 58,800, ಜೊತೆಗೆ ಹೊಸ ಶುಲ್ಕ. ಮೊದಲಿನವರಿಗೆ ತಿಂಗಳಿಗೆ 6,312 ನಷ್ಟ. ಇದನ್ನು ತಡೆಯಲು ‘2 ಕಿ.ಮೀ. ಒಳಗೆ ಇನ್ನೊಂದು ಅಂಗಡಿ ಇಲ್ಲ’ ಎಂದು ಬರೆಸಿಕೊಳ್ಳುವುದು ರೂಢಿ. ಬೆಂಗಳೂರಿಗೆ ಅದು ಸಾಲದು. ಗ್ರಾಹಕರು ಹರಿಯುವುದು ಮೆಟ್ರೊ ನಿಲ್ದಾಣ, ಸಿಗ್ನಲ್, ರಸ್ತೆ ಡಿವೈಡರ್‌ಗಳ ಪ್ರಕಾರ. ರಿಂಗ್ ರಸ್ತೆಯ ಆಚೆ ಬದಿ ನಕ್ಷೆಯಲ್ಲಿ ಹತ್ತಿರ, ನಡಿಗೆಯಲ್ಲಿ ದೂರ. ಡೆಲಿವರಿಯಲ್ಲಂತೂ ಕ್ಲೌಡ್ ಕಿಚನ್ ಎರಡು ಕಿ.ಮೀ. ಆಚೆ ಕೂತೇ ನಿಮ್ಮ ಬೀದಿಗೆ ದೋಸೆ ಕಳಿಸಬಲ್ಲದು. ರಸ್ತೆಗಳ ಹೆಸರು, ಪಿನ್‌ಕೋಡ್ ಬರೆಸಿ, ‘ಡೆಲಿವರಿ ಸೇರಿದಂತೆ’ ಎಂಬ ಮಾತು ಸೇರಿಸಿದರೆ ಮಾತ್ರ ಆ ಕಲಮಿಗೆ ಹಲ್ಲು ಇರುತ್ತದೆ.

‘ರಾಯಲ್ಟಿ ಸೊನ್ನೆ’ ಎಂದರೆ

ಆಗ ಪಾಲು ಹಿಟ್ಟಿನಲ್ಲಿ, ಕಾಫಿಪುಡಿಯಲ್ಲಿ, ಚಟ್ನಿಪುಡಿಯಲ್ಲಿ ಅಡಗಿರುತ್ತದೆ. ವ್ಯಾಪಾರದ 25% ಮೊತ್ತದ ಸಾಮಾನನ್ನು ಬ್ರ್ಯಾಂಡ್‌ನಿಂದಲೇ ಕೊಳ್ಳಬೇಕು, ಅದೇ ದರ್ಜೆಯ ಸಾಮಾನು ಹೊರಗೆ ಐದನೇ ಒಂದು ಭಾಗ ಅಗ್ಗ ಎಂದಾದರೆ, ಸೊನ್ನೆ ಎಂದದ್ದು ನಿಜದಲ್ಲಿ 5%. ಕಂಡುಹಿಡಿಯುವುದು ಸುಲಭ: ದರಪಟ್ಟಿ ಕೇಳಿ, ಯಶವಂತಪುರ ಎಪಿಎಂಸಿಯ ಸಗಟು ದರದ ಪಕ್ಕ ಇಟ್ಟು ನೋಡಿ. ನನ್ನ ಮಟ್ಟಿಗೆ ಇದು ಬಹಿರಂಗ ರಾಯಲ್ಟಿಗಿಂತ ಕೆಟ್ಟ ಏರ್ಪಾಡು. ಮೇಲಿನ ಆಫರ್ ತಿಂಗಳಲ್ಲಿ ಪ್ಲೇಟು 40% ಹೆಚ್ಚಿದರೆ ಬ್ರ್ಯಾಂಡ್‌ನ ಈ ಗುಪ್ತ ಪಾಲೂ 40% ಹೆಚ್ಚುತ್ತದೆ. ಹುಳಿಬಂದು ಚೆಲ್ಲಿದ ಹಿಟ್ಟಿನಲ್ಲೂ ಅವರಿಗೆ ಲಾಭ.

ಮೋಸ ಅಂಗಡಿಯ ಕಡೆಯಿಂದಲೂ ಆಗುತ್ತದೆ. ಒಂದು ಕಡೆ ಬ್ರ್ಯಾಂಡ್‌ನ ಹಿಟ್ಟು ಬಿಟ್ಟು ಹೊರಗಿನದು ತರುವುದು, ಇನ್ನೊಂದು ಕಡೆ ಬಿಲ್ ಹಾಕದೆ ಸ್ವಂತ ಯುಪಿಐ ಕ್ಯೂಆರ್‌ಗೆ ಹಣ ಹಾಕಿಸಿಕೊಳ್ಳುವುದು. ಬ್ರ್ಯಾಂಡ್‌ನವರು ಎರಡನ್ನೂ ಒಂದೇ ಲೆಕ್ಕದಿಂದ ಹಿಡಿಯುತ್ತಾರೆ. ದೋಸೆಗೆ 100 ಗ್ರಾಂ ಹಿಟ್ಟು ಎಂಬ ನಿಯಮವಿದ್ದು 300 ಕಿಲೋ ಹೋಗಿದ್ದರೆ 3,000 ದೋಸೆ ಆಗಬೇಕು. 5% ವ್ಯರ್ಥ ಬಿಟ್ಟರೂ 2,850. ಬಿಲ್ಲಿನಲ್ಲಿ 2,300 ಇದ್ದರೆ ವ್ಯಾಪಾರ ಮುಚ್ಚಿಟ್ಟಿದ್ದಾರೆ, 3,400 ಇದ್ದರೆ ಹಿಟ್ಟು ಬೇರೆ ಕಡೆಯಿಂದ ಬಂದಿದೆ, ಅಥವಾ ದೋಸೆ ಚಿಕ್ಕದಾಗಿದೆ.

ರಿಸ್ಕ್ ಹಂಚುವ ಕಲಮುಗಳು

‘6% ಅಥವಾ 30,000, ಯಾವುದು ಹೆಚ್ಚೋ ಅದು’ ಎಂಬ ಕನಿಷ್ಠ ರಾಯಲ್ಟಿ ಕೆಟ್ಟ ತಿಂಗಳ ಭಾರವನ್ನು ಪೂರಾ ಅಂಗಡಿಯ ಮೇಲೆ ಹೇರುತ್ತದೆ. ಇದರ ತಿರುವು ಮುರುವು ಎಂದರೆ ಹಂತದ ರಾಯಲ್ಟಿ: 5 ಲಕ್ಷದವರೆಗೆ 4%, ಅದರ ಮೇಲಿನದಕ್ಕೆ 10%. ನಮ್ಮ ಉದಾಹರಣೆಯಲ್ಲಿ 4.5 ಲಕ್ಷದ ತಿಂಗಳು ಬ್ರ್ಯಾಂಡ್‌ಗೆ 27,000ದ ಬದಲು 18,000 ಬರುತ್ತದೆ, ಅಂಗಡಿಯ ನಷ್ಟ ಅರ್ಧಕ್ಕಿಂತ ಕೆಳಗಿಳಿದು 9,360 ಆಗುತ್ತದೆ. 8 ಲಕ್ಷದ ತಿಂಗಳು ಬ್ರ್ಯಾಂಡ್‌ಗೆ 50,000, ಅಂದರೆ ಮೊದಲಿಗಿಂತ 2,000 ಹೆಚ್ಚು. ಇದಕ್ಕೆ ಬ್ರ್ಯಾಂಡ್ ಒಪ್ಪುವುದು ತನ್ನ ವ್ಯಾಪಾರದ ಮೇಲೆ ನಂಬಿಕೆ ಇದ್ದಾಗ ಮಾತ್ರ.

ಹಣ ನಿಮ್ಮದು, ನಡೆಸುವುದು ನಾವು, ತಿಂಗಳಿಗೆ ಇಷ್ಟು ಗ್ಯಾರಂಟಿ ಎನ್ನುವ ಮಾದರಿಗೆ ಫೋಕೊ ಎಂಬ ಹೆಸರಿದೆ. ನೋಡಲು ರಿಸ್ಕೆಲ್ಲ ಬ್ರ್ಯಾಂಡ್‌ನದು. ಆದರೆ ಆ ಗ್ಯಾರಂಟಿಗೆ ಸಾಮಾನ್ಯವಾಗಿ ಯಾವ ಆಸ್ತಿಯ ಒತ್ತೆಯೂ ಇರುವುದಿಲ್ಲ. ಕಂಪನಿ ಮುಳುಗಿದರೆ ಅದು ಬರೀ ಕಾಗದ. ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಅವರು ಸಲ್ಲಿಸಿದ ಲೆಕ್ಕಪತ್ರ ಶುಲ್ಕ ಕಟ್ಟಿದರೆ ಯಾರಿಗೂ ಸಿಗುತ್ತದೆ. ಆದಾಯದಲ್ಲಿ ರಾಯಲ್ಟಿ, ವ್ಯಾಪಾರ ಕಡಿಮೆಯಿದ್ದು ಹೊಸ ಶುಲ್ಕಗಳೇ ಹೆಚ್ಚಿದ್ದರೆ, ಹಳಬರ ಗ್ಯಾರಂಟಿಯನ್ನು ಹೊಸಬರ ದುಡ್ಡಿನಿಂದ ಕೊಡುತ್ತಿರುವ ಸಂಭವ ಇದೆ.

ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲು ಬ್ರ್ಯಾಂಡ್‌ನವರು ವಿವರ ದಾಖಲೆ ಕೊಡಲೇಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಗಳ ಅಡಿಯಲ್ಲೇ ನಡೆಯುತ್ತದೆ. ಆದ್ದರಿಂದ ವಿವರ ನಾವೇ ಕೇಳಬೇಕು. ಮುಖ್ಯವಾಗಿ ಎರಡು: ಕಳೆದ ಮೂರು ವರ್ಷಗಳಲ್ಲಿ ಮುಚ್ಚಿದ ಅಂಗಡಿಗಳ ಪಟ್ಟಿ, ಮತ್ತು ಹೆಸರಿನ ನೋಂದಣಿ. ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹೋಟೆಲ್ ಸೇವೆಗೆ 43ನೇ ವರ್ಗದಲ್ಲಿ ಹುಡುಕಿ. `Registered` ಎಂದಿದ್ದರೆ ಸರಿ. `Objected` ಅಥವಾ `Opposed` ಎಂದಿದ್ದರೆ, 5 ಲಕ್ಷ ಕೊಟ್ಟು ಕೊಳ್ಳುತ್ತಿರುವ ಹೆಸರು ಇನ್ನೂ ಅವರದೇ ಎಂದು ತೀರ್ಮಾನವಾಗಿಲ್ಲ.

ಕೊನೆಯದಾಗಿ ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ ನೋಡಿ. ಅಂಗಡಿಯವರ ಹೆಸರಿನಲ್ಲಿದ್ದರೆ, ಒಪ್ಪಂದ ಮುರಿದ ದಿನ ಬೋರ್ಡು ಇಳಿಸಿ ಬೇರೆ ಹೆಸರಿನಲ್ಲಿ ಮುಂದುವರಿಯುವ ದಾರಿ ಒಂದಾದರೂ ಇರುತ್ತದೆ. ಬ್ರ್ಯಾಂಡ್‌ನ ಹೆಸರಿನಲ್ಲಿದ್ದರೆ ಜಾಗವೂ ಅವರದು, ಕಷ್ಟಪಟ್ಟು ಕೂಡಿಸಿದ ಗಿರಾಕಿಗಳೂ ಅವರವರೇ. ಹಾಗಿದ್ದರೆ ಆ 8 ಲಕ್ಷ ಅಡ್ವಾನ್ಸ್ ಕಟ್ಟಬೇಕಾದವರೂ ಅವರೇ.