ಪದ ಪರಿಚಯ: ಎಲೆ–ಗೂಡು ಅನುಪಾತ

ಒಂದು ಕಿಲೋ ರೇಷ್ಮೆಗೂಡು ಕೈಗೆ ಬರಬೇಕಾದರೆ ಹುಳುಗಳಿಗೆ ಎಷ್ಟು ಕಿಲೋ ಹಿಪ್ಪುನೇರಳೆ ಸೊಪ್ಪು ಹಾಕಬೇಕಾಯಿತು? ಆ ಸಂಖ್ಯೆಯೇ ಎಲೆ–ಗೂಡು ಅನುಪಾತ. ಎರಡು ಸಾವಿರ ಕಿಲೋ ಸೊಪ್ಪಿಗೆ 136 ಕಿಲೋ ಗೂಡು ಬಂದಿದ್ದರೆ ಅನುಪಾತ 14.7. ಸಂಖ್ಯೆ ಇಳಿದಷ್ಟೂ ಲಾಭ, ಏರಿದಷ್ಟೂ ನಷ್ಟ. ಸಾಕಣೆಯ ಹಂತಗಳನ್ನು ಒಂದು ಪಾಠವಾಗಿಯೂ ಆರ್ಥಿಕ ಲೆಕ್ಕವನ್ನು ಇನ್ನೊಂದು ಪಾಠವಾಗಿಯೂ ಓದುವ ವಿದ್ಯಾರ್ಥಿಗಳು ಈ ಒಂದು ಪದವನ್ನು ಸರಿಯಾಗಿ ಹಿಡಿದರೆ ಎರಡೂ ಒಂದೇ ಎಂಬುದು ತಿಳಿಯುತ್ತದೆ.

ಮೊದಲು ಸೊಪ್ಪು ಯಾವ ಹಂತದಲ್ಲಿ ಎಷ್ಟು ಖರ್ಚಾಗುತ್ತದೆ ಎಂದು ನೋಡೋಣ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಹೀಗಾಗಿ ಅದರ ಬದುಕಿನಲ್ಲಿ ಐದು ಹಂತ. ಪೊರೆ ಬಿಡುವ ಹೊತ್ತಿಗೆ ರೈತರು ‘ಜ್ವರ’ ಎನ್ನುತ್ತಾರೆ. ಮೊದಲೆರಡು ಹಂತ ಚಾಕಿ. ಈಗ ಹೆಚ್ಚಿನವರು ಚಾಕಿ ಕೇಂದ್ರದಿಂದ ಎರಡನೇ ಜ್ವರ ಮುಗಿದ ಹುಳುಗಳನ್ನೇ ತರುತ್ತಾರೆ. ಚಾಕಿಯಲ್ಲಿ ತಿನ್ನುವುದು ಒಟ್ಟು ಸೊಪ್ಪಿನ ನೂರಕ್ಕೆ ಒಂದರಷ್ಟು ಮಾತ್ರ. ಮೂರನೇ ಹಂತದಲ್ಲಿ ನಾಲ್ಕೈದು, ನಾಲ್ಕನೆಯದರಲ್ಲಿ ಹತ್ತು ಹನ್ನೆರಡು ಪಾಲು ಹೋಗುತ್ತದೆ. ಉಳಿದ ಎಂಬತ್ತಕ್ಕೂ ಹೆಚ್ಚು ಪಾಲು ಐದನೇ ಹಂತದ ಏಳೆಂಟು ದಿನಗಳಲ್ಲೇ ಖಾಲಿ. ರೇಷ್ಮೆ ಗ್ರಂಥಿ ಬೆಳೆದು ತುಂಬಿಕೊಳ್ಳುವುದೂ ಆಗಲೇ.

ಅದರಿಂದಲೇ ಒಂದೇ ಸಂಖ್ಯೆಯ ಹುಳು ಸತ್ತರೂ ಯಾವಾಗ ಸತ್ತವು ಎಂಬುದರ ಮೇಲೆ ನಷ್ಟ ಬೇರೆಯಾಗುತ್ತದೆ. ಗೂಡು ಕಟ್ಟುವವರೆಗೆ ಒಂದು ಹುಳುವಿನ ಪಾಲಿಗೆ ಸುಮಾರು 25 ಗ್ರಾಂ ಸೊಪ್ಪು ಬೇಕು. ಹದಿನಾರು ಸಾವಿರ ಹುಳು ಮೂರನೇ ಹಂತದ ಕೊನೆಗೆ ಸತ್ತರೆ ಅವು ತಿಂದು ಹೋದದ್ದು ಇಪ್ಪತ್ತು ಕಿಲೋ ಆಸುಪಾಸು. ಅವೇ ಹುಳು ಐದನೇ ಹಂತದ ಆರನೇ ದಿನ ಸತ್ತರೆ ಮುನ್ನೂರು ಕಿಲೋಗೂ ಹೆಚ್ಚು ಸೊಪ್ಪು ಮಣ್ಣುಪಾಲು. ಕಷ್ಟದ ಸಂಗತಿಯೆಂದರೆ, ಕೊನೆಗೆ ಕಾಣುವ ಸಾವಿನ ಬೀಜ ಹಲವು ಸಲ ಜ್ವರದ ಹೊತ್ತಿನಲ್ಲೇ ಬಿದ್ದಿರುತ್ತದೆ. “ಹುಳಾ ಜ್ವರಕ್ಕ ಕುಂತಾವು, ತಪ್ಪಲ ಹಾಕಬ್ಯಾಡ್ರಿ” ಎಂದು ಅನುಭವಿ ರೈತರು ತಡೆಯುವುದು ಇದಕ್ಕೇ. ತಲೆ ಎತ್ತಿ ಅಲುಗಾಡದೆ ಕೂತ ಹುಳುಗಳು ನೂರಕ್ಕೆ ತೊಂಬತ್ತು ದಾಟಿದಾಗ ಸೊಪ್ಪು ನಿಲ್ಲಿಸಿ, ತೆಳುವಾಗಿ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಬೇಕು. ತೊಂಬತ್ತೈದರಷ್ಟು ಎದ್ದ ಮೇಲೆಯೇ ಮತ್ತೆ ಸೊಪ್ಪು. ಮೊದಲು ಎದ್ದವಕ್ಕೆ ಆತುರದಿಂದ ಹಾಕಿದರೆ ಹಿರಿ ಹುಳು, ಕಿರಿ ಹುಳು ಎಂದು ಹಾಸಿಗೆ ಒಡೆಯುತ್ತದೆ. ಹಿಂದೆ ಬಿದ್ದವು ಕಸದಡಿ ಸಿಕ್ಕಿ ಸೊರಗಿ, ಹಾಲುತೊಂಡೆಗೋ ಸಪ್ಪೆ ರೋಗಕ್ಕೋ ತುತ್ತಾಗುತ್ತವೆ.

ಈಗ ಒಂದು ಘಟಕದ ಲೆಕ್ಕ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಬಾವಿ ನೀರಿನ ಒಂದು ಎಕರೆ ವಿ-1 ತಳಿಯ ಹಿಪ್ಪುನೇರಳೆ ತೋಟ, ಪ್ರತಿ ಬೆಳೆಗೆ 200 ಮೊಟ್ಟೆಯ ದ್ವಿತಳಿ ಚಾಕಿ ಹುಳು ಎಂದುಕೊಳ್ಳಿ. ಇಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಸುಮಾರು 500 ಮೊಟ್ಟೆಗಳ ಗುಂಪು. ಲಕ್ಷದಲ್ಲಿ 80,000 ಹುಳು ಗೂಡು ಕಟ್ಟಿ, ಒಂದೊಂದು ಗೂಡು 1.7 ಗ್ರಾಂ ತೂಗಿದರೆ 136 ಕಿಲೋ. ಕಿಲೋಗೆ 500 ರೂಪಾಯಿ ಹಿಡಿದರೆ 68,000 ರೂಪಾಯಿ.

ಖರ್ಚಿನ ದರಗಳನ್ನೂ ಉದಾಹರಣೆಗೆಂದೇ ಹಿಡಿದಿದ್ದೇನೆ, ನಿಮ್ಮ ಊರಿನ ದರ ಹಾಕಿ ಮತ್ತೆ ಕೂಡಿಸಿಕೊಳ್ಳಿ. ಎರಡು ಸಾವಿರ ಕಿಲೋ ಸೊಪ್ಪು ಬೆಳೆಯಲು ಕಿಲೋಗೆ ಆರು ರೂಪಾಯಿಯಂತೆ 12,000, ಚಾಕಿ ಹುಳುವಿಗೆ 8,000, ಸೋಂಕು ನಿವಾರಕ ಮತ್ತು ಸುಣ್ಣಕ್ಕೆ 3,000, ಕೂಲಿಗೆ 12,000, ಹುಳು ಮನೆ ಮತ್ತು ಹುಳು ಗೂಡು ಕಟ್ಟುವ ಚಂದ್ರಿಕೆಗಳ ಸವಕಳಿಗೆ 5,000, ಗೂಡು ಸಾಗಿಸಿ ಮಾರಲು 4,000. ಒಟ್ಟು 44,000, ಉಳಿಕೆ 24,000. ಮನೆಯವರೇ ದುಡಿದರೆ ಕೂಲಿಯ ಬಹುಪಾಲೂ ಮನೆಯಲ್ಲೇ ಉಳಿಯುತ್ತದೆ. ಹಾಗಂತ ಅದನ್ನು ಲೆಕ್ಕದಿಂದ ಬಿಡಬಾರದು, ಬಿಟ್ಟರೆ ಘಟಕ ನಿಜವಾಗಿ ಗಳಿಸುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಇದೇ ಬೆಳೆಯಲ್ಲಿ ಐದನೇ ಹಂತದ ಕೊನೆಗೆ 16,000 ಹುಳು ಸತ್ತವು, ಉಳಿದವು ಚೆನ್ನಾಗಿಯೇ ಕಟ್ಟಿದವು ಎಂದುಕೊಳ್ಳಿ. ಗೂಡು ಸುಮಾರು 109 ಕಿಲೋಗೆ ಇಳಿದು ಅನುಪಾತ 18.4 ಆಗುತ್ತದೆ. ಖರ್ಚು ಹೆಚ್ಚುಕಡಿಮೆ ಅಷ್ಟೇ, ಉಳಿಕೆ ಹತ್ತು ಸಾವಿರ ಚಿಲ್ಲರೆ. ಇದರ ಜೊತೆಗೆ ಉಳಿದ ಗೂಡೂ ತೆಳುವಾಗಿ 1.5 ಗ್ರಾಂಗೆ ಇಳಿದರೆ ತೂಕ 96 ಕಿಲೋ, ಅನುಪಾತ 20.8. ತೆಳು ಗೂಡಿಗೆ ಹರಾಜಿನಲ್ಲಿ ದರವೂ ಬೀಳುತ್ತದೆ. ಕಿಲೋಗೆ 420 ಸಿಕ್ಕರೆ ಕೈಗೆ ಬರುವುದು 40,320, ಅಂದರೆ ಮೂರೂವರೆ ಸಾವಿರಕ್ಕೂ ಹೆಚ್ಚು ನಷ್ಟ. ಹುಳು ಸತ್ತಾಗ ಲಾಭ ಇಳಿಯಿತು, ಗೂಡು ತೆಳುವಾದಾಗ ಬೆಳೆ ನಷ್ಟಕ್ಕೆ ಹೋಯಿತು.

ನಮ್ಮ ಭಾಗದ ಬೇಸಿಗೆ ಗೂಡನ್ನು ತೆಳುವಾಗಿಸುವುದು ಹುಳುವನ್ನು ಕೊಲ್ಲದೆಯೇ. ಐದನೇ ಹಂತದ ಹುಳುವಿಗೆ ಬೇಕಾದದ್ದು 24–25 ಡಿಗ್ರಿ ತಂಪು, ನೂರಕ್ಕೆ ಎಪ್ಪತ್ತರ ಆಸುಪಾಸು ತೇವ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ, ಗಾಳಿ ಒಣಗಿರುತ್ತದೆ. ಹಾಕಿದ ಸೊಪ್ಪು ಹುಳು ತಿನ್ನುವ ಮೊದಲೇ ಬಾಡುತ್ತದೆ, ಬಾಡಿದ್ದನ್ನು ಹುಳು ಬಿಡುತ್ತದೆ. ಹಾಸಿಗೆಯ ಕಸದಲ್ಲಿ ದಂಟು, ನರಗಳ ಬದಲು ಒಣಗಿದ ಇಡೀ ಎಲೆಗಳು ಕಂಡರೆ ಇದೇ ನಡೆಯುತ್ತಿದೆ ಎಂದು ತಿಳಿಯಬೇಕು. ಹೊಟ್ಟೆ ತುಂಬಿಲ್ಲವೆಂದು ಇನ್ನಷ್ಟು ಸುರಿದರೆ ಅನುಪಾತವಷ್ಟೇ ಏರುತ್ತದೆ. ನಸುಕಿನಲ್ಲೇ ಸೊಪ್ಪು ಕೊಯ್ದು ಒದ್ದೆ ಗೋಣಿಯಡಿ ಇಡುವುದು, ಒಂದು ಹೊತ್ತಿನ ಪ್ರಮಾಣ ಕಡಿಮೆ ಮಾಡಿ ಹೊತ್ತು ಹೆಚ್ಚಿಸುವುದು, ಕಿಟಕಿಗೆ ಒದ್ದೆ ಗೋಣಿ ತೂಗಿಬಿಡುವುದು ಫಲ ಕೊಡುತ್ತವೆ. ಆದರೆ ಗಾಳಿಯಾಡದ ಮನೆಯಲ್ಲಿ ಬರೀ ನೀರು ಚಿಮುಕಿಸಿದರೆ ಹಾಸಿಗೆ ಕೊಳೆತು ಸಪ್ಪೆ ರೋಗಕ್ಕೆ ದಾರಿಯಾಗುತ್ತದೆ.

ಅಳೆಯುವಾಗ ಒಂದು ಎಚ್ಚರ ಬೇಕು. ರೆಂಬೆ ಪದ್ಧತಿಯಲ್ಲಿ ಕಡ್ಡಿಯೂ ತೂಕಕ್ಕೆ ಸೇರುತ್ತದೆ. ಒಂದು ಹೊರೆಯ ಎಲೆ ಬಿಡಿಸಿ ತೂಗಿ, ಎಲೆಯ ಪಾಲು ಎಷ್ಟೆಂದು ಕಂಡುಕೊಂಡ ಮೇಲೆಯೇ ಅನುಪಾತ ಹಾಕಬೇಕು. ಇಲ್ಲದಿದ್ದರೆ ಎಲೆ ಬಿಡಿಸಿ ಹಾಕುವ ಪಕ್ಕದ ತೋಟದ ಜೊತೆ ಹೋಲಿಕೆಯೇ ಸುಳ್ಳಾಗುತ್ತದೆ.

ಅನುಪಾತ ಏರಿದೆ ಎಂದಷ್ಟೇ ಗೊತ್ತಾದರೆ ಸಾಲದು, ಏಕೆ ಏರಿತು ಎಂದು ತಿಳಿಯಲು ಗೂಡು ಬಿಡಿಸಿದ ದಿನ ಒಂದು ಕಿಲೋಗೆ ಎಷ್ಟು ಗೂಡು ಬರುತ್ತವೆ ಎಂದು ಎಣಿಸಿ. 590ರ ಸುಮಾರಿಗೆ ಬಂದರೆ ಗೂಡು 1.7 ಗ್ರಾಂ, 670ರ ಸುಮಾರಿಗೆ ಹೋದರೆ 1.5 ಗ್ರಾಂ. ಆ ಎಣಿಕೆಯನ್ನು ಒಟ್ಟು ಕಿಲೋದಿಂದ ಗುಣಿಸಿದರೆ ಎಷ್ಟು ಹುಳು ಗೂಡು ಕಟ್ಟಿದವು ಎಂಬುದೂ ಸಿಗುತ್ತದೆ. ಎಣಿಕೆ 590ರಲ್ಲೇ ಇದ್ದು ಒಟ್ಟು ತೂಕ ಬಿದ್ದಿದ್ದರೆ ಕಾರಣ ಸಾವು. ಆಗ ಸತ್ತ ದಿನಗಳ ದಾಖಲೆ ನೋಡಬೇಕು. ದಿನವೂ ಒಂದಷ್ಟು ಹುಳು ಉಬ್ಬಿ, ಹಾಲಿನಂಥ ದ್ರವ ಸುರಿಸಿ ಸತ್ತಿದ್ದರೆ ಅದು ಹಾಲುತೊಂಡೆ, ಮುಂದಿನ ಬೆಳೆಗೆ ಮೊದಲು ಹುಳು ಮನೆಯ ಸೋಂಕು ನಿವಾರಣೆ ಬಿಗಿಯಾಗಬೇಕು. ಹೊಸ ಸೊಪ್ಪು ಹಾಕಿದ ಕೆಲವೇ ಗಂಟೆಗಳಲ್ಲಿ ಹುಳು ತಲೆ ಒದರಿ, ವಾಂತಿ ಮಾಡಿ ಒಂದೇ ಸಲಕ್ಕೆ ಸತ್ತಿದ್ದರೆ ಅದು ರೋಗವಲ್ಲ, ವಿಷ. ತಿಕೋಟಾ ಕಡೆ ಮೊದಲು ಕೇಳಬೇಕಾದದ್ದು ಆ ಸೊಪ್ಪು ದ್ರಾಕ್ಷಿ ತೋಟದ ಬದುವಿಗೆ ಹತ್ತಿದ ಸಾಲಿನದೇ, ಅಲ್ಲಿ ಔಷಧಿ ಹೊಡೆದದ್ದು ಯಾವತ್ತು ಎಂದು.